ಚಾಟಿನಲ್ಲಿ ಬಂದ ಅರ್ಜಿಗೆ ಉತ್ತರ ಎಷ್ಟುದ್ದ?

ಪರೀಕ್ಷೆಯ ಫಲಿತಾಂಶ ಬಂದ ಮೇಲಿನ ವಾರಗಳಲ್ಲಿ ಪದವಿಪೂರ್ವ ಕಾಲೇಜೊಂದರ ಕಚೇರಿಯ ವಾಟ್ಸ್ಯಾಪ್ ತೆರೆದರೆ ಈ ಧಾಟಿಯ ಸಂದೇಶಗಳು ಸಾಲುಗಟ್ಟಿ ನಿಂತಿರುತ್ತವೆ:

"ರೆಸ್ಪೆಕ್ಟೆಡ್ ಸರ್, ವಿಷಯ: ವರ್ಗಾವಣೆ ಪತ್ರ ಕೋರಿ. ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಉತ್ತೀರ್ಣನಾಗಿದ್ದು, ಮುಂದಿನ ವಿದ್ಯಾಭ್ಯಾಸಕ್ಕಾಗಿ ನನ್ನ ಟಿ.ಸಿ. ಅವಶ್ಯಕತೆ ಇರುವುದರಿಂದ ಸೋಮವಾರ ಬಂದರೆ ಸಿಗುವುದೇ ಎಂದು ದಯಮಾಡಿ ತಿಳಿಸಬೇಕಾಗಿ ಪ್ರಾರ್ಥನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿ."

ಕೇಳಿದ್ದು ಇಷ್ಟೇ: ಸೋಮವಾರ ಬಂದರೆ ಟಿ.ಸಿ. ಸಿಗುತ್ತದೆಯೇ? ಇದೇ ಹುಡುಗ ಕಚೇರಿಯ ಕಿಟಕಿಯ ಮುಂದೆ ನಿಂತಿದ್ದರೆ "ಸರ್, ಸೋಮವಾರ ಟಿ.ಸಿ. ಸಿಗುತ್ತಾ?" ಎಂದು ಒಂದೇ ಉಸಿರಿಗೆ ಕೇಳಿರುತ್ತಿದ್ದ. ಬಾಯಿಗೆ ಬಾರದ ಅರ್ಜಿ ಬೆರಳಿಗೆ ಬರುತ್ತದೆ. ಅದಕ್ಕೆ ಕಾರಣವಿದೆ. ಹತ್ತಾರು ವರ್ಷ ಶಾಲೆಯಲ್ಲಿ ಅವನಿಗೆ ಕಲಿಸಿದ ಒಂದೇ ಒಂದು ವ್ಯಾವಹಾರಿಕ ಬರವಣಿಗೆ ಎಂದರೆ ರಜಾ ಅರ್ಜಿ. 'ಇಂದ', 'ಗೆ', 'ವಿಷಯ', 'ಮಾನ್ಯರೇ' ಇವುಗಳಲ್ಲಿ ಯಾವುದು ತಪ್ಪಿದರೂ ಅಂಕ ಹೋಗುತ್ತದೆ ಎಂದು ಹೆದರಿಸಿ ಕಲಿಸಿದ ವಿದ್ಯೆ ಅದು. ದೊಡ್ಡವರಿಗೆ ಬರೆಯುವುದು ಎಂದರೆ ಹೀಗೆ ಎಂದು ಕೈ ಒಗ್ಗಿಹೋಗಿದೆ. ಪರದೆಯ ಮೇಲೆ ಬರೆದರೂ ಅದು ಬರವಣಿಗೆಯೇ ತಾನೆ?

ಇಂಥ ಸಂದೇಶವನ್ನು ನೋಡಿ ನಗುವವರಿದ್ದಾರೆ. ನಗುವ ಮುನ್ನ ಪತ್ರದ ತಲೆಬರಹ ಯಾವ ಕೆಲಸ ಮಾಡುತ್ತಿತ್ತು ಎಂದು ನೋಡುವುದು ಒಳ್ಳೆಯದು. ಇನ್‌ಲ್ಯಾಂಡ್ ಪತ್ರ ಕೈಗೆ ಬಂದಾಗ ಬರೆದವರು ಯಾರು, ಯಾರನ್ನು ಉದ್ದೇಶಿಸಿ, ಎಷ್ಟು ದೂರದಲ್ಲಿ ನಿಂತು ಮಾತನಾಡುತ್ತಿದ್ದಾರೆ ಎನ್ನುವುದನ್ನೆಲ್ಲ ಮೊದಲ ಎರಡು ಸಾಲು ಹೇಳಬೇಕಿತ್ತು. ತಂದೆಗಾದರೆ 'ತೀರ್ಥರೂಪ', ತಾಯಿಗೆ 'ಮಾತೃಶ್ರೀ', ಮಗನಿಗೆ 'ಚಿರಂಜೀವಿ'. ಆಮೇಲೆ ಇತ್ತ ಕ್ಷೇಮ, ಅತ್ತಣ ಕ್ಷೇಮಕ್ಕೆ ಪತ್ರ. ಅಲ್ಲಿಂದ ಮುಂದೆ ವಿಷಯ. ಸರ್ಕಾರಿ ಅರ್ಜಿಯಲ್ಲಿ ಇದೇ ಕೆಲಸವನ್ನು ವಿಳಾಸ, ವಿಷಯ, ಉಲ್ಲೇಖಗಳು ಮಾಡುತ್ತಿದ್ದವು. ಇಂಗ್ಲಿಷರು ತಮ್ಮ ವ್ಯವಹಾರದ ಪತ್ರಗಳಲ್ಲಿ ಬರೆಯುವ 'ಡಿಯರ್ ಸರ್' ನಮ್ಮ ಕಡೆಯವರ ಕಿವಿಗೆ ಸಲಿಗೆಯಂತೆ ಕೇಳಿಸಿತೋ ಏನೋ, ಭಾರತ ಮತ್ತು ಅದರ ನೆರೆಯ ದೇಶಗಳಲ್ಲಿ 'ರೆಸ್ಪೆಕ್ಟೆಡ್ ಸರ್' ಬೇರೂರಿತು. ಲಂಡನ್ನಿನ ಗುಮಾಸ್ತನಿಗೆ ಅದು ಹಳೆಯ ಕಾಲದ್ದೆಂದೋ ಪರದೇಶದ್ದೆಂದೋ ಅನ್ನಿಸಬಹುದು. ಹಾಸನದ ಗುಮಾಸ್ತನಿಗೆ ಅದು ದಿನನಿತ್ಯದ ಮಾತು.

ಚಾಟಿನಲ್ಲಿ ಈ ಕೆಲಸದ ಬಹುಪಾಲನ್ನು ಫೋನೇ ಮಾಡಿ ಮುಗಿಸಿರುತ್ತದೆ. ಕಳಿಸಿದವರ ಹೆಸರು ಅಥವಾ ನಂಬರ್ ಮೇಲೆ ಕಾಣುತ್ತದೆ, ದಿನಾಂಕ, ಸಮಯ ತಾನಾಗಿ ಬೀಳುತ್ತದೆ, ತಲುಪಿತು ಎನ್ನಲು ಎರಡು ಗೆರೆ ಮೂಡುತ್ತದೆ. ಉಳಿಯುವುದು ಒಂದೇ: ನಾನು ನಿಮ್ಮಿಂದ ಎಷ್ಟು ದೂರದಲ್ಲಿ ನಿಂತು ಮಾತನಾಡುತ್ತಿದ್ದೇನೆ ಎನ್ನುವ ಸೂಚನೆ. 'ಮಾನ್ಯರೇ' ಎಂಬ ಪದ ಚಾಟಿಗೆ ತರುವುದು ಅದನ್ನು ಮಾತ್ರ. ಉತ್ತರಿಸುವವರು ಓದಿಕೊಳ್ಳಬೇಕಾದದ್ದೂ ಅದನ್ನೇ.

ಜೊತೆಗೆ ಒಂದು ನಷ್ಟವೂ ಇದೆ. ಲಾಕ್ ಆದ ಫೋನಿನ ಮೇಲೆ ಸಂದೇಶದ ಮೊದಲ ಒಂದೆರಡು ಸಾಲು ಮಾತ್ರ ಇಣುಕುತ್ತದೆ. ಕಚೇರಿಯವರಿಗೆ ಕಾಣುವುದು "ರೆಸ್ಪೆಕ್ಟೆಡ್ ಸರ್, ವಿಷಯ: ವರ್ಗಾ..." ಎಂಬಷ್ಟೇ. ಬೆಳಗಿನಿಂದ ಬಂದ ಇಪ್ಪತ್ತು ಸಂದೇಶಗಳೂ ಹೊರಗಿನಿಂದ ಒಂದೇ ಥರ. ಯಾವುದು ಇಂದೇ ಕೊನೆಯ ದಿನದ್ದು, ಯಾವುದು ನಾಳೆಗೆ ಬಿಟ್ಟರೂ ನಡೆದೀತು ಎಂದು ತಿಳಿಯಲು ಒಂದೊಂದನ್ನೂ ಬಿಚ್ಚಬೇಕು. ಗೌರವ ಹೆಚ್ಚಾದಷ್ಟೂ ವಿಷಯ ಮಡಿಕೆಯ ಒಳಗೆ ಸರಿಯುತ್ತದೆ.

ಹಾಗಾದರೆ ಸಂಬೋಧನೆಯಿಲ್ಲದ ಬರಹ ಅಗೌರವವೇ? ನಮ್ಮ ಕಚೇರಿಗಳೇ ಅಲ್ಲ ಎನ್ನುತ್ತವೆ. ಕೇಂದ್ರ ಸರ್ಕಾರದ ಕಚೇರಿ ಕಾರ್ಯವಿಧಾನದಲ್ಲಿ ಸಾಮಾನ್ಯ ಪತ್ರಕ್ಕೆ 'ಸರ್' ಅಥವಾ 'ಮೇಡಂ' ಬೇಕು, ಅರೆ ಸರ್ಕಾರಿ ಪತ್ರಕ್ಕೆ ಹೆಸರು ಹಿಡಿದ ಆತ್ಮೀಯ ಸಂಬೋಧನೆ ಬೇಕು. ಆದರೆ ಇಲಾಖೆಯಿಂದ ಇಲಾಖೆಗೆ ಹೋಗುವ ಜ್ಞಾಪನಕ್ಕೆ ಎರಡೂ ಇಲ್ಲ. ಅದನ್ನು ಪ್ರಥಮ ಪುರುಷದಲ್ಲಿ ಬರೆಯುತ್ತಾರೆ, ಮೊದಲಲ್ಲಿ ವಂದನೆಯಿಲ್ಲ, ಕೊನೆಯಲ್ಲಿ 'ತಮ್ಮ ವಿಶ್ವಾಸಿ' ಇಲ್ಲ, ಸಹಿ ಮತ್ತು ಹುದ್ದೆ ಮಾತ್ರ. ಕಡತದ ಟಿಪ್ಪಣಿಯಂತೂ ನೇರ ಕಂಡಿಕೆಯಿಂದಲೇ ಶುರುವಾಗುತ್ತದೆ. ಗುಮಾಸ್ತ ಬರೆದ ಟಿಪ್ಪಣಿ ಕಾರ್ಯದರ್ಶಿಯವರೆಗೂ ಹೋಗಿ ಬರುತ್ತದೆ, ನಡುವೆ ಯಾರೂ ಯಾರನ್ನೂ 'ಮಾನ್ಯರೇ' ಎನ್ನುವುದಿಲ್ಲ, ಯಾರಿಗೂ ಬೇಸರವಿಲ್ಲ. ಟೆಲಿಗ್ರಾಂ ಕಾಲದಲ್ಲೂ ಹೀಗೇ. ಪದಕ್ಕೆ ಇಷ್ಟು ಎಂದು ದುಡ್ಡು ಕೊಡಬೇಕಾದಾಗ, ಪತ್ರದಲ್ಲಿ ತೀರ್ಥರೂಪರಿಗೆ ಸಾಷ್ಟಾಂಗ ಹಾಕುತ್ತಿದ್ದ ಮಗನೇ 'ತಕ್ಷಣ ಹೊರಟು ಬನ್ನಿ' ಎಂದಷ್ಟೇ ತಂತಿ ಕೊಡುತ್ತಿದ್ದ. 2013ರ ಜುಲೈಯಲ್ಲಿ ಆ ಸೇವೆ ನಿಲ್ಲುವವರೆಗೂ ತಂತಿಯಲ್ಲಿ ವಂದನೆಯಿಲ್ಲವೆಂದು ಮುನಿದ ಅಪ್ಪಂದಿರ ಕಥೆ ಎಲ್ಲೂ ಇಲ್ಲ. ಮಾಧ್ಯಮಕ್ಕೆ ತಕ್ಕ ಮರ್ಯಾದೆ ಬೇರೆ ಎಂದು ಎಲ್ಲರಿಗೂ ಗೊತ್ತಿತ್ತು.

ಇಷ್ಟು ಕೇಳಿದ ಮೇಲೆ 'ಹಾಗಾದರೆ ಸಂಬೋಧನೆಯನ್ನು ಕಿತ್ತು ಬಿಸಾಡೋಣ' ಎಂದು ಹೊರಡುವುದೂ ಅವಸರವೇ. ಜೋನ್ ವಾಲ್ಡ್‌ವೋಗೆಲ್ ಎಂಬ ಸಂಶೋಧಕಿ ನ್ಯೂಜಿಲೆಂಡಿನ ಎರಡು ಕೆಲಸದ ಜಾಗಗಳ ಇಮೇಲುಗಳನ್ನು ಹೋಲಿಸಿ ನೋಡಿ 2007ರಲ್ಲಿ ಪ್ರಕಟಿಸಿದರು. ಒಂದು ಶಿಕ್ಷಣ ಸಂಸ್ಥೆ, ಇನ್ನೊಂದು ಕಾರ್ಖಾನೆ. ಓದಿದವರೇ ತುಂಬಿದ ಶಿಕ್ಷಣ ಸಂಸ್ಥೆಯಲ್ಲಿ ವಂದನೆ ಕಡಿಮೆ, ಕಾರ್ಖಾನೆಯಲ್ಲಿ ಹೆಚ್ಚು. ಪುನಾರಚನೆಯ ಗೊಂದಲದಲ್ಲಿದ್ದ ಶಿಕ್ಷಣ ಸಂಸ್ಥೆಯ ಸಿಬ್ಬಂದಿಯ ಮನಸ್ಸು ಕೆಟ್ಟಿತ್ತು, ಕಾರ್ಖಾನೆಯಲ್ಲಿ ಮೇಲಿನವರೂ ಕೆಳಗಿನವರೂ ಚೆನ್ನಾಗಿದ್ದರು. ಅಂದರೆ ಒಂದು 'ನಮಸ್ಕಾರ' ಇದೆಯೋ ಇಲ್ಲವೋ ಎಂಬುದರಲ್ಲಿ ಆ ಜಾಗದ ಹವಾಮಾನ ಕಾಣಿಸುತ್ತದೆ. ಅದನ್ನು ದಂಡ ಪದ ಎಂದು ತಳ್ಳಿಹಾಕಲಾಗದು.

ಕಷ್ಟವಿರುವುದು ಉತ್ತರಿಸುವವರಿಗೆ. ದಿನಕ್ಕೆ ಐವತ್ತು ಸಂದೇಶಗಳಿಗೆ ಉತ್ತರ ಕೊಡುವ ಕಚೇರಿಯ ಸಹಾಯಕರು, ಬ್ಯಾಂಕಿನ ಸಹಾಯವಾಣಿಯವರು, ಶಾಲೆಯ ತರಗತಿ ಶಿಕ್ಷಕಿ, ಇವರೆಲ್ಲ ಎರಡು ದಾರಿಗಳಲ್ಲಿ ಎಡವುತ್ತಾರೆ. ಮೇಲಿನ ಟಿ.ಸಿ. ಸಂದೇಶವನ್ನೇ ತೆಗೆದುಕೊಳ್ಳಿ. ಒಬ್ಬರು ಹೆಬ್ಬೆರಳು ಎತ್ತಿದ ಚಿತ್ರವನ್ನೋ 'ಓಕೆ ಬಾ' ಎಂಬುದನ್ನೋ ಒತ್ತಿ ಮುಗಿಸುತ್ತಾರೆ. ಅತ್ತ ಹುಡುಗ ಕಂಗಾಲು. 'ಓಕೆ' ಎಂದರೆ ಸಿಗುತ್ತದೆಯೋ, ಬಂದು ನೋಡು ಎಂದೋ? ಐದು ನಿಮಿಷಕ್ಕೆ ಇನ್ನೊಂದು ಸಂದೇಶ ಬರುತ್ತದೆ: "ಸಾರಿ ಸರ್, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ, ಎಷ್ಟು ಗಂಟೆಗೆ ಬರಬೇಕು ಸರ್?" ಕೇಳಿದವರು ಕ್ಷಮೆ ಕೇಳುತ್ತಿದ್ದಾರೆ ಎಂದರೆ ಉತ್ತರ ಒರಟಾಯಿತು ಎಂದೇ ಲೆಕ್ಕ.

ಇನ್ನೊಬ್ಬರು ಪತ್ರಕ್ಕೆ ಪತ್ರ ಎಂದು ಕೂರುತ್ತಾರೆ. "ಪ್ರಿಯ ವಿದ್ಯಾರ್ಥಿ, ತಮ್ಮ ಮನವಿಯನ್ನು ಸ್ವೀಕರಿಸಲಾಗಿದ್ದು, ಈ ಸಂಬಂಧ ತಿಳಿಯಪಡಿಸುವುದೇನೆಂದರೆ, ವರ್ಗಾವಣೆ ಪತ್ರಗಳನ್ನು ಕಚೇರಿಯ ಕೆಲಸದ ವೇಳೆಯಲ್ಲಿ ನಿಯಮಾನುಸಾರ ಸಂಬಂಧಿತ ದಾಖಲೆಗಳನ್ನು ಪರಿಶೀಲಿಸಿ ವಿತರಿಸಲಾಗುವುದು" ಎಂದು ಸಾಗುತ್ತದೆ. ಇದರಲ್ಲಿ ಸೋಮವಾರ ಎಲ್ಲಿದೆ? ಹುಡುಗ ಮೂರು ಸಲ ಓದಿ, ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಒಂದೇ ಪ್ರಶ್ನೆ ಎರಡನೇ ಸಲ ಬಂತು ಎಂದರೆ ಮೊದಲ ಉತ್ತರದಲ್ಲಿ ಉಪಚಾರ ಜಾಸ್ತಿಯಾಗಿ ಊಟ ಕಡಿಮೆಯಾಗಿದೆ.

ಎರಡೂ ಕಡೆ ತಪ್ಪಿರುವುದು ಅಳತೆ. ಬಂದ ಸಂದೇಶದಲ್ಲಿ ಎರಡು ಅಳತೆಗಳಿವೆ. ಸಂಬೋಧನೆ ಹೇಳುವುದು ಮರ್ಯಾದೆಯ ಮಟ್ಟವನ್ನು, ಪ್ರಶ್ನೆ ಹೇಳುವುದು ಕೆಲಸದ ಗಾತ್ರವನ್ನು. ಸಂಬೋಧನೆ ಉದ್ದವಾಗಿದೆ ಎಂದು ಉತ್ತರ ಉದ್ದವಾಗಬೇಕಿಲ್ಲ. ಪ್ರಶ್ನೆ ಸಣ್ಣದು ಎಂದು ಮರ್ಯಾದೆ ಇಳಿಯಬೇಕಿಲ್ಲ. ಎರಡನ್ನೂ ಬೇರೆ ಬೇರೆ ಅಳೆದರೆ ಉತ್ತರ ಹೀಗಿರುತ್ತದೆ:

"ನಮಸ್ಕಾರ. ಸೋಮವಾರ ಸಿಗುತ್ತದೆ. ಬೆಳಿಗ್ಗೆ 11ರಿಂದ 1ರೊಳಗೆ ಬನ್ನಿ. ಅಂಕಪಟ್ಟಿಯ ಜೆರಾಕ್ಸ್, ಲೈಬ್ರರಿಯ ನೋ ಡ್ಯೂ ತನ್ನಿ."

ಒಂದು ಪದದ ವಂದನೆ, ಎರಡನೆಯ ವಾಕ್ಯದಲ್ಲೇ ಉತ್ತರ, ಆಮೇಲೆ ಮತ್ತೊಂದು ಓಡಾಟ ತಪ್ಪಿಸುವ ವಿವರ. ಹುಡುಗ 'ತಮ್ಮ' ಎಂದಿದ್ದಕ್ಕೆ ಕಚೇರಿ 'ಬಾ' ಎನ್ನದೆ 'ಬನ್ನಿ' ಎಂದಿತು. ಗೌರವವನ್ನು ಕ್ರಿಯಾಪದದ ಬಾಲದಲ್ಲೇ ಹೊತ್ತು ತರುವ ಸವಲತ್ತು ಕನ್ನಡಕ್ಕಿದೆ. 'ತನ್ನಿ', 'ಕಳಿಸಿ', 'ನೋಡಿ' ಎಂದರೆ ಸಾಕು, 'ದಯವಿಟ್ಟು' ಪ್ರತಿ ಸಾಲಿಗೂ ಬೇಕಾಗುವುದಿಲ್ಲ. ಹುಬ್ಬಳ್ಳಿ ಕಡೆಯ ಕಚೇರಿಯಾದರೆ ಒಂದು 'ರೀ' ಸೇರಿಸಿ 'ಬರ್ರೀ' ಎಂದು ಇನ್ನೂ ಕಡಿಮೆಯಲ್ಲಿ ಮುಗಿಸಿಬಿಡುತ್ತಾರೆ.

ಮರ್ಯಾದೆಗೆ ಮರ್ಯಾದೆ ಎಂದು ಅಳತೆ ಮೀರಿ ಹಿಂತಿರುಗಿಸಿದರೂ ಕೆಡುತ್ತದೆ. ಮಾತನಾಡುವವರು ಎದುರಿನವರ ಧಾಟಿಗೆ ತಮ್ಮ ಧಾಟಿಯನ್ನು ಹತ್ತಿರ ತಂದುಕೊಳ್ಳುತ್ತಾರೆ ಎಂಬ ಸಿದ್ಧಾಂತವನ್ನು ಹೊವರ್ಡ್ ಗೈಲ್ಸ್ 1970ರ ದಶಕದಲ್ಲಿ ಬೆಳೆಸಿದರು. ಅದೇ ದಾರಿಯಲ್ಲಿ ನಡೆದ ಮುಂದಿನ ಅಧ್ಯಯನಗಳು ಇನ್ನೊಂದು ಮಾತು ಹೇಳಿದವು: ಹತ್ತಿರ ಬರುವುದು ಅತಿಯಾದರೆ ಅದು ಅಣಕದಂತೆಯೋ, ಎದುರಿನವರನ್ನು ಎಳೆಮಗುವಿನಂತೆ ನೋಡಿದಂತೆಯೋ ಕೇಳಿಸುತ್ತದೆ. ಹದಿನೆಂಟರ ಹುಡುಗನಿಗೆ ಕಾಲೇಜಿನ ಸೂಪರಿಂಟೆಂಡೆಂಟ್ "ಪರಮಪೂಜ್ಯ ವಿದ್ಯಾರ್ಥಿಯವರೇ" ಎಂದು ಬರೆದರೆ ಅವನು ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆ ಹಂಚುವುದರಲ್ಲಿ ಅನುಮಾನವಿಲ್ಲ. ಬಂದದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನೆಲಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಂತರೆ ಸರಿಹೋಗುತ್ತದೆ. 'ರೆಸ್ಪೆಕ್ಟೆಡ್ ಸರ್'ಗೆ 'ನಮಸ್ಕಾರ', 'ನಮಸ್ಕಾರ ಸರ್'ಗೆ 'ನಮಸ್ತೆ, ಹೇಳಿ', 'ಹಾಯ್'ಗೆ 'ಹೇಳಿ'.

ಎರಡನೇ ಸಂದೇಶದಲ್ಲಿ ಏನು ಮಾಡಬೇಕು? ಹುಡುಗ ಮತ್ತೆ "ರೆಸ್ಪೆಕ್ಟೆಡ್ ಸರ್, ಫೀಸ್ ಎಷ್ಟು?" ಎಂದು ಕೇಳುತ್ತಾನೆ. ಈಗ ಮತ್ತೆ 'ನಮಸ್ಕಾರ' ಬೇಡ. "ಫೀಸ್ ಇಲ್ಲ. ಹಳೆಯ ಬಾಕಿ ಇದ್ದರೆ ಮಾತ್ರ ಕಟ್ಟಬೇಕು" ಎಂದರೆ ಆಯಿತು. ಮುಖಾಮುಖಿ ಮಾತಿನಲ್ಲಿ ಪ್ರತಿ ವಾಕ್ಯಕ್ಕೂ ಯಾರೂ ಕೈ ಮುಗಿಯುವುದಿಲ್ಲವಲ್ಲ. ಕಚೇರಿ ತಾನು ವಂದನೆ ಬಿಟ್ಟರೂ 'ಬನ್ನಿ', 'ಕಟ್ಟಿ'ಗಳನ್ನು ಬಿಡದಿದ್ದರೆ ಹುಡುಗನ ಮೂರನೆಯ ಸಂದೇಶದಲ್ಲಿ 'ರೆಸ್ಪೆಕ್ಟೆಡ್' ತಾನಾಗಿ ಉದುರಿ ಬರೀ 'ಸರ್' ಉಳಿಯುವುದೇ ಹೆಚ್ಚು. ಹಾಗೆ ಉದುರಿದರೆ ಅವನ ಅಂಜಿಕೆ ಕಡಿಮೆಯಾಗಿದೆ ಎಂದು ತಿಳಿಯಬಹುದು. "ಇನ್ನು ಮುಂದೆ ರೆಸ್ಪೆಕ್ಟೆಡ್ ಸರ್ ಎನ್ನಬೇಡಿ" ಎಂದು ಉಪದೇಶ ಕೊಟ್ಟರೆ ಮಾತ್ರ ಅವನು ಇನ್ನಷ್ಟು ಮುದುಡುತ್ತಾನೆ.

ಬರೀ ಸಂಬೋಧನೆಯೊಂದೇ ಬಂದು ನಿಲ್ಲುವ ಪ್ರಸಂಗ ಬೇರೆ. "ರೆಸ್ಪೆಕ್ಟೆಡ್ ಸರ್" ಎಂದು ಕಳಿಸಿ ಅತ್ತಲಿನವರು ಸುಮ್ಮನೆ ಕಾಯುತ್ತಾರೆ. ಇದು ಪತ್ರದ ಅಭ್ಯಾಸವಲ್ಲ, ಟೆಲಿಫೋನಿನದು. ಎಮ್ಯಾನುಯೆಲ್ ಷೆಗ್ಲಾಫ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ನಗರವೊಂದರ ಪೊಲೀಸ್ ದೂರು ವಿಭಾಗದ ಸುಮಾರು 500 ಫೋನ್ ಕರೆಗಳ ಆರಂಭವನ್ನು ಕೇಳಿ 1968ರಲ್ಲಿ ಲೇಖನ ಬರೆದರು. ಕರೆ ಸ್ವೀಕರಿಸಿದವರೇ ಮೊದಲು ಮಾತನಾಡುತ್ತಾರೆ ಎಂಬ ನಿಯಮಕ್ಕೆ ಆ ರಾಶಿಯಲ್ಲಿ ಒಂದೇ ಒಂದು ಕರೆ ಹೊರತಾಗಿತ್ತು. ಆ ಒಂದನ್ನೂ ವಿವರಿಸಲು ಹೋಗಿ ಅವರು ಕಂಡುಕೊಂಡದ್ದು: ಫೋನಿನ ಗಂಟೆಯೇ ಕೂಗು, 'ಹಲೋ' ಅದಕ್ಕೆ ಓಗೊಡುವುದು, ಆಮೇಲೆ ಮಾತನಾಡುವ ಸರದಿ ಕೂಗಿದವರದು. ಒಂಟಿ 'ರೆಸ್ಪೆಕ್ಟೆಡ್ ಸರ್' ಕೂಡ ಇಂಥದ್ದೇ ಕೂಗು. ಬಾಗಿಲಲ್ಲಿ ನಿಂತು 'ಒಳಗೆ ಬರಬಹುದಾ' ಎಂದು ಕೇಳುತ್ತಿದ್ದಾರೆ. ಫೋನಿನಲ್ಲಾದರೆ ಓಗೊಡುವುದು ಕ್ಷಣದ ಕೆಲಸ. ಚಾಟಿನಲ್ಲಿ ಕೂಗಿದ್ದು ಬೆಳಿಗ್ಗೆ 10ಕ್ಕೆ, ಕಚೇರಿಯವರು ನೋಡಿದ್ದು 12ಕ್ಕೆ, 'ಹೇಳಿ' ಎಂದದ್ದನ್ನು ಹುಡುಗ ನೋಡಿದ್ದು ಬಸ್ಸಿಳಿದ ಮೇಲೆ 3ಕ್ಕೆ. ಅವನು ಪ್ರಶ್ನೆ ಬರೆಯುವ ಹೊತ್ತಿಗೆ ಸಹಾಯಕರು ಮನೆಗೆ ಹೊರಟಿದ್ದಾರೆ. ಒಂದು ದಿನ ಹೀಗೆ ಸೋರಿಹೋಯಿತು.

ಇದಕ್ಕೆ ಓಗೊಡುವಾಗಲೇ ಒಂದು ಹೆಜ್ಜೆ ಮುಂದಿಡಬಹುದು. "ನಮಸ್ಕಾರ, ಏನು ಬೇಕಿತ್ತು ಹೇಳಿ. ಟಿ.ಸಿ.ಗಾದರೆ ಸೋಮವಾರದಿಂದ 11ರಿಂದ 1ರವರೆಗೆ ಕೊಡುತ್ತೇವೆ." ಆ ವಾರ ಬರುವ ಹತ್ತರಲ್ಲಿ ಎಂಟು ಟಿ.ಸಿ.ಗಾಗಿಯೇ ಎಂದು ಕಚೇರಿಯವರಿಗೆ ಗೊತ್ತಿರುತ್ತದೆ. ಊಹೆ ತಪ್ಪಿದರೂ ನಷ್ಟವಿಲ್ಲ. ಕಳಿಸುವವರ ಕಡೆಯಿಂದಲೂ ಸುಲಭದ ದಾರಿಯಿದೆ: ವಂದನೆಯನ್ನೂ ವಿಷಯವನ್ನೂ ಒಂದೇ ಸಾಲಿಗೆ ಹಾಕುವುದು. "ನಮಸ್ಕಾರ ಸರ್, ಸೋಮವಾರ ಟಿ.ಸಿ. ಸಿಗುತ್ತದೆಯೇ?" ಎಂಬುದು ಲಾಕ್ ಆದ ಪರದೆಯ ಮೇಲೇ ಪೂರ್ತಿ ಕಾಣುತ್ತದೆ, ಗೌರವವೂ ಎಲ್ಲಿಯೂ ಹೋಗಿರುವುದಿಲ್ಲ.

ಈ 'ಸರ್' ಇದೆಯಲ್ಲ, ಅದರದೇ ಒಂದು ತಕರಾರು. ಕಚೇರಿಯ ಫೋನು ಹಿಡಿದವರು ಹೆಂಗಸಾಗಿದ್ದರೂ ಎಲ್ಲರೂ 'ರೆಸ್ಪೆಕ್ಟೆಡ್ ಸರ್' ಎಂದೇ ಬರೆಯುತ್ತಾರೆ. ಕನ್ನಡದಲ್ಲಿ 'ನೋಡುತ್ತೇನೆ', 'ಕಳಿಸುತ್ತೇನೆ' ಎಂದು ಬರೆದರೆ ಬರೆದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಹಾಗಾಗಿ ಇಡೀ ಮಾತುಕತೆ ಮುಗಿದರೂ ಅವರು 'ಸರ್' ಆಗಿಯೇ ಉಳಿಯುತ್ತಾರೆ. ತಿದ್ದಲೇಬೇಕೆಂದರೆ ಉತ್ತರದ ಕೊನೆಗೆ ಹೆಸರನ್ನೂ ಹುದ್ದೆಯನ್ನೂ ಹಾಕಿದರೆ ಸಾಕು. ಮುಂದಿನ ಸಂದೇಶದಲ್ಲಿ 'ಮೇಡಂ' ಬರುತ್ತದೆ, ಯಾರಿಗೂ ಮುಜುಗರವಿಲ್ಲ. ಹಳೆಯ 'ಮಾನ್ಯರೇ' ಈ ವಿಷಯದಲ್ಲಿ ಜಾಣ ಪದ, ಇಬ್ಬರಿಗೂ ಒಪ್ಪುತ್ತದೆ.

ಸಂಬೋಧನೆಯನ್ನು ಮೇಲಿನವರೇ ಇಳಿಸಿದ ಉದಾಹರಣೆಗಳೂ ಉಂಟು. ಕರ್ನಾಟಕ ಹೈಕೋರ್ಟಿನಲ್ಲಿ 2021ರಲ್ಲಿ ನ್ಯಾಯಮೂರ್ತಿ ಜ್ಯೋತಿ ಮುಳಿಮನಿ ತಮ್ಮನ್ನು 'ಮೈ ಲಾರ್ಡ್' ಎನ್ನುವ ಬದಲು 'ಮೇಡಂ' ಎಂದರೆ ಸಾಕು ಎಂದರು. ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ಅದಕ್ಕೆ ಮೊದಲೇ 'ಸರ್' ಸಾಕು ಎಂದಿದ್ದರು. ಅದೇ ವರ್ಷ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯಿತಿ ಇನ್ನೂ ಮುಂದೆ ಹೋಗಿ ತನ್ನ ಕಚೇರಿಯಲ್ಲಿ 'ಸರ್', 'ಮೇಡಂ' ಎರಡನ್ನೂ ಕೈಬಿಡುವ ನಿರ್ಣಯ ಮಾಡಿತು. ಸಿಬ್ಬಂದಿಯನ್ನು ಹೆಸರಿನಿಂದಲೋ ಹುದ್ದೆಯಿಂದಲೋ ಕರೆಯಬಹುದು, ಅರ್ಜಿಯಲ್ಲಿ 'ಪ್ರಾರ್ಥಿಸುತ್ತೇನೆ' ಎನ್ನುವ ಬದಲು ಹಕ್ಕಿನಿಂದ ಕೇಳುವ ಮಾತನ್ನೇ ಬಳಸಬಹುದು ಎಂದಿತು. ಗಮನಿಸಬೇಕಾದದ್ದು, ಎಲ್ಲ ಕಡೆಯೂ ಸಡಿಲಿಸಿದವರು ಗೌರವ ಪಡೆಯುವ ಕುರ್ಚಿಯಲ್ಲಿದ್ದವರು. ಅರ್ಜಿ ಹಿಡಿದು ನಿಂತವನು ತಾನಾಗಿ 'ಸರ್' ಬಿಟ್ಟು ಕೆಲಸ ಕೆಡಿಸಿಕೊಳ್ಳಲಾರ. ಚಾಟಿನಲ್ಲೂ ಮೊದಲ ಹೆಜ್ಜೆ ಉತ್ತರಿಸುವವರದೇ ಆಗಬೇಕು.

ಮನೆಯೊಳಗಿನ ಚಾಟಿಗೆ ಈ ಲೆಕ್ಕವನ್ನು ತರುವುದು ಬೇಡ. ಎಪ್ಪತ್ತು ದಾಟಿದ ಅನೇಕ ಅಪ್ಪಂದಿರು ವಾಟ್ಸ್ಯಾಪಿನಲ್ಲೂ "ಚಿ. ಮಗನಿಗೆ ಆಶೀರ್ವಾದಗಳು" ಎಂದು ಶುರು ಮಾಡಿ, ಮಳೆ ಬೆಳೆ ವಿಚಾರಿಸಿ, ಕೊನೆಗೆ "ಇಂತಿ ನಿನ್ನ ತಂದೆ" ಎಂದು ಮುಗಿಸುತ್ತಾರೆ. ನ್ಯೂಜೆರ್ಸಿಯಲ್ಲಿ ಕೂತ ಮಗ ಅದಕ್ಕೆ ಹೆಬ್ಬೆರಳು ಎತ್ತಿ ಕಳಿಸಿದರೆ ಅಮ್ಮನಿಗೆ ಮರುದಿನ ಫೋನಿನಲ್ಲಿ ದೂರು ಹೋಗುವುದು ಖಂಡಿತ. ಆ ಪತ್ರದಲ್ಲಿ ತಲೆಬರಹವೇ ಅರ್ಧ ವಿಷಯ. ಅಲ್ಲಿ ಎರಡು ಸಾಲು ಜಾಸ್ತಿ ಬರೆದರೆ ನಷ್ಟವೇನೂ ಇಲ್ಲ.

ಕೊನೆಯದಾಗಿ, 'ಮಾನ್ಯರೇ' ಎಂದು ಶುರುವಾಗುವ ಎಲ್ಲ ಸಂದೇಶಗಳೂ ಅಭ್ಯಾಸಬಲದ್ದಲ್ಲ. ಕೆಲವು ನಿಜವಾಗಿಯೂ ಪತ್ರಗಳೇ, ಚಾಟು ಅವಕ್ಕೆ ಅಂಚೆಪೆಟ್ಟಿಗೆ ಮಾತ್ರ. ಗುರುತಿಸುವುದು ಕಷ್ಟವಲ್ಲ. 'ವಿಷಯ'ದ ಕೆಳಗೆ 'ಉಲ್ಲೇಖ' ಇರುತ್ತದೆ, ಹಿಂದಿನ ಅರ್ಜಿಯ ದಿನಾಂಕವಿರುತ್ತದೆ, ಸಹಿ ಮಾಡಿದ ಕಾಗದದ ಫೋಟೋ ಅಥವಾ ಪಿಡಿಎಫ್ ಅಂಟಿಕೊಂಡಿರುತ್ತದೆ. "ಮೂರು ತಿಂಗಳ ಹಿಂದೆ ಕೊಟ್ಟ ಅರ್ಜಿಗೆ ಈವರೆಗೆ ಉತ್ತರ ಬಂದಿಲ್ಲ" ಎಂದು ಬರೆದವರು ಮುಂದೆ ತೋರಿಸಲು ಒಂದು ದಾಖಲೆ ಮಾಡಿಕೊಳ್ಳುತ್ತಿದ್ದಾರೆ. ಇಂಥವರಿಗೆ "ನಮಸ್ಕಾರ, ಸೋಮವಾರ ಬನ್ನಿ" ಎಂದು ತೇಲಿಸಿದರೆ ಅದು ಸಲಿಗೆಯಾಗುವುದಿಲ್ಲ, ಜಾರಿಕೊಂಡಂತೆ ಆಗುತ್ತದೆ. ಕಾಗದವನ್ನು ಮುದ್ರಿಸಿ ಆವಕ ವಹಿಗೆ ಹತ್ತಿಸಬೇಕು, "ತಮ್ಮ ಪತ್ರ ತಲುಪಿದೆ, ಆವಕ ಸಂಖ್ಯೆ ಇಷ್ಟು, ಇಂಥ ದಿನದೊಳಗೆ ಲಿಖಿತ ಉತ್ತರ ಕಳಿಸುತ್ತೇವೆ" ಎಂದು ಚಾಟಿನಲ್ಲಿ ಎರಡು ಸಾಲು ಹಾಕಬೇಕು, ಮತ್ತು ಆ ದಿನದೊಳಗೆ ವಿಳಾಸ, ವಿಷಯ, ಸಹಿ ಎಲ್ಲ ಇರುವ ಪತ್ರವನ್ನೇ ಕಳಿಸಬೇಕು.